ನೆರೆಯ ಅಯಾನುಗಳ ಲೆಕ್ಕ

ಸಿಲ್ವರ್ ಕ್ಲೋರೈಡ್ ನೀರಿನಲ್ಲಿ ಕರಗುವುದಿಲ್ಲ ಎಂದು ಪಾಠದಲ್ಲಿ ಓದಿರುತ್ತೇವೆ. ನಿಜವಾಗಿ ಅದು ಅತ್ಯಲ್ಪ ಪ್ರಮಾಣದಲ್ಲಿ ಕರಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಸುಮಾರು 1.9 ಮಿಲಿಗ್ರಾಂ. ಆ ನೀರಿಗೆ ಮೊದಲೇ ಚಿಟಿಕೆ ಅಡುಗೆ ಉಪ್ಪು ಹಾಕಿಟ್ಟಿದ್ದರೆ ಅಷ್ಟೂ ಕರಗದು. ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನುಗಳು ಆಗಲೇ ನೀರಿನಲ್ಲಿ ತುಂಬಿಕೊಂಡಿರುವುದರಿಂದ ಹೊಸ ಕ್ಲೋರೈಡಿಗೆ ಜಾಗ ಕಡಿಮೆಯಾಗುತ್ತದೆ. ಇದು ಪಿಯುಸಿ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಮಾತು.

ಈಗ ಅಡುಗೆ ಉಪ್ಪಿನ ಬದಲು ಪೊಟ್ಯಾಸಿಯಂ ನೈಟ್ರೇಟ್ ಹಾಕಿ ನೋಡಿ. ಅದರಲ್ಲಿ ಬೆಳ್ಳಿಯೂ ಇಲ್ಲ, ಕ್ಲೋರೈಡೂ ಇಲ್ಲ. ಅದು ಸಿಲ್ವರ್ ಕ್ಲೋರೈಡಿನ ಜೊತೆ ಯಾವ ರಾಸಾಯನಿಕ ಕ್ರಿಯೆಯನ್ನೂ ನಡೆಸುವುದಿಲ್ಲ. ಹಾಗಾದರೆ ಕರಗುವ ಪ್ರಮಾಣ ಇದ್ದಲ್ಲೇ ಇರಬೇಕಿತ್ತು. ಆದರೆ ಅಳೆದಾಗ ಅದು ಏರಿರುವುದು ಕಾಣುತ್ತದೆ. ಪೊಟ್ಯಾಸಿಯಂ ನೈಟ್ರೇಟಿನ ಬದಲು ಅಷ್ಟೇ ಮೋಲ್ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದರೆ ಏರಿಕೆ ಇನ್ನೂ ಹೆಚ್ಚು. ಎರಡನ್ನೂ ಬೆರೆಸಿದರೆ ಎಷ್ಟು ಏರುತ್ತದೆ ಎಂಬುದನ್ನು ಪ್ರಯೋಗ ಮಾಡುವ ಮೊದಲೇ ಕಾಗದದ ಮೇಲೆ ಹೇಳಬಹುದು. ಈ ಲೇಖನ ಆ ಲೆಕ್ಕದ ಬಗ್ಗೆ.

ಸಂಬಂಧವೇ ಇಲ್ಲದ ಲವಣ ಸಿಲ್ವರ್ ಕ್ಲೋರೈಡನ್ನು ಹೇಗೆ ಕರಗಿಸುತ್ತದೆ? ನೀರಿನಲ್ಲಿರುವ ಒಂದು ಬೆಳ್ಳಿ ಅಯಾನನ್ನು ಹಿಡಿದುಕೊಂಡು ಯೋಚಿಸೋಣ. ಅದರದು ಧನ ಆವೇಶ. ಅದರ ಸುತ್ತ ಪೊಟ್ಯಾಸಿಯಂ ಮತ್ತು ನೈಟ್ರೇಟ್ ಅಯಾನುಗಳು ಎಡೆಬಿಡದೆ ಓಡಾಡುತ್ತಿರುತ್ತವೆ. ಋಣ ಆವೇಶದ ನೈಟ್ರೇಟನ್ನು ಬೆಳ್ಳಿ ತುಸು ಸೆಳೆಯುತ್ತದೆ, ಧನ ಆವೇಶದ ಪೊಟ್ಯಾಸಿಯಮ್ಮನ್ನು ತುಸು ದೂಡುತ್ತದೆ. ಉಷ್ಣದ ಚಲನೆ ಎಲ್ಲವನ್ನೂ ಕಲಕುತ್ತಲೇ ಇರುವುದರಿಂದ ಯಾವುದೂ ಒಂದೆಡೆ ನಿಲ್ಲುವುದಿಲ್ಲ. ಆದರೂ ಸರಾಸರಿ ತೆಗೆದು ನೋಡಿದರೆ ಬೆಳ್ಳಿಯ ಸುತ್ತಮುತ್ತ ನೈಟ್ರೇಟ್ ಸ್ವಲ್ಪ ಹೆಚ್ಚು, ಪೊಟ್ಯಾಸಿಯಂ ಸ್ವಲ್ಪ ಕಡಿಮೆ. ಹೀಗೆ ಪ್ರತಿಯೊಂದು ಅಯಾನಿಗೂ ವಿರುದ್ಧ ಆವೇಶದ ಒಂದು ತೆಳುವಾದ ಆವರಣ ಇರುತ್ತದೆ. ಆವರಣದೊಳಗಿನ ಬೆಳ್ಳಿ ಒಂಟಿ ಬೆಳ್ಳಿಗಿಂತ ನೆಮ್ಮದಿಯಾಗಿರುತ್ತದೆ, ಅಂದರೆ ಅದರ ಶಕ್ತಿ ಕೊಂಚ ಇಳಿದಿರುತ್ತದೆ. ದ್ರಾವಣ ಬಿಟ್ಟು ಹರಳಿಗೆ ಮರಳುವ ಅದರ ಒಲವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಹರಳಿನಿಂದ ಹೊರಬರುವ ಅಯಾನುಗಳಿಗೂ ಹಿಂದಿರುಗುವ ಅಯಾನುಗಳಿಗೂ ಮತ್ತೆ ಸಮತೋಲ ಆಗಬೇಕಾದರೆ ಇನ್ನಷ್ಟು ಬೆಳ್ಳಿ, ಇನ್ನಷ್ಟು ಕ್ಲೋರೈಡ್ ನೀರಿಗೆ ಇಳಿಯಬೇಕು.

ಅಂದರೆ ದ್ರಾವಣದಲ್ಲಿ ಒಂದು ಅಯಾನು ಎಷ್ಟಿದೆ ಎಂಬುದು ಬೇರೆ, ಎಷ್ಟಿರುವಂತೆ ಅದು ವರ್ತಿಸುತ್ತದೆ ಎಂಬುದು ಬೇರೆ. ಎರಡನೆಯದಕ್ಕೆ ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ನ್ಯೂಟನ್ ಲೂಯಿಸ್ 1907ರಲ್ಲಿ ಸಕ್ರಿಯತೆ ಎಂಬ ಪರಿಕಲ್ಪನೆ ಕೊಟ್ಟರು. ಇರುವ ಪ್ರಮಾಣವನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಸಕ್ರಿಯತೆ ಸಿಗುತ್ತದೋ ಅದೇ ಸಕ್ರಿಯತಾ ಗುಣಾಂಕ. ಪ್ರಯೋಗಾಲಯಗಳಲ್ಲಿ ಇದನ್ನು ಆಕ್ಟಿವಿಟಿ ಕೋಎಫಿಶಿಯೆಂಟ್ ಎಂದೇ ಕರೆಯುತ್ತಾರೆ, ಗಾಮಾ ಎಂಬ ಗ್ರೀಕ್ ಅಕ್ಷರದಿಂದ ಗುರುತಿಸುತ್ತಾರೆ. ಲವಣವೇ ಇಲ್ಲದಷ್ಟು ತಿಳಿಯಾದ ನೀರಿನಲ್ಲಿ ಗಾಮಾ 1. ಲವಣ ಸ್ವಲ್ಪ ಸ್ವಲ್ಪವೇ ಸೇರುತ್ತ ಹೋದಂತೆ ಅದು 1ರಿಂದ ಕೆಳಗಿಳಿಯುತ್ತದೆ.

ಎಷ್ಟು ಇಳಿಯುತ್ತದೆ ಎಂಬುದು ಯಾವುದನ್ನು ಅವಲಂಬಿಸಿದೆ? 1921ರಲ್ಲಿ ಲೂಯಿಸ್ ಮತ್ತು ಅವರ ಸಹೋದ್ಯೋಗಿ ಮರ್ಲ್ ರ್‍ಯಾಂಡಲ್ ಬೇರೆ ಬೇರೆ ಲವಣಗಳ ಅಳತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಪರಿಶೀಲಿಸಿದಾಗ ಒಂದು ಸರಳ ಕ್ರಮ ಕಂಡಿತು. ತೆಳು ದ್ರಾವಣದಲ್ಲಿ ಯಾವ ಲವಣ ಬೆರೆತಿದೆ ಎಂಬುದು ಅಷ್ಟು ಮುಖ್ಯವಲ್ಲ. ಅಯಾನುಗಳ ಸಂಖ್ಯೆ ಮತ್ತು ಅವುಗಳ ಆವೇಶ, ಇವೆರಡನ್ನೂ ಒಂದು ನಿರ್ದಿಷ್ಟ ರೀತಿಯಲ್ಲಿ ಕೂಡಿದರೆ ಬರುವ ಒಂದೇ ಒಂದು ಮೊತ್ತ ಸಾಕು. ಆ ಮೊತ್ತ ಸಮನಾಗಿರುವ ದ್ರಾವಣಗಳಲ್ಲೆಲ್ಲ ಒಂದು ಲವಣದ ಗಾಮಾ ಸಮನಾಗಿರುತ್ತದೆ. ಆ ಮೊತ್ತವನ್ನು ಅವರು ಅಯಾನಿಕ ಬಲ ಎಂದು ಕರೆದರು:

I = ½ Σ m z²

ಇಲ್ಲಿ m ಎಂದರೆ ಒಂದು ಕಿಲೋಗ್ರಾಂ ನೀರಿನಲ್ಲಿ ಆ ಅಯಾನು ಎಷ್ಟು ಮೋಲ್ ಇದೆ ಎಂಬುದು, z ಎಂದರೆ ಅದರ ಆವೇಶ. ದ್ರಾವಣದಲ್ಲಿರುವ ಪ್ರತಿಯೊಂದು ಬಗೆಯ ಅಯಾನಿಗೂ ಆವೇಶದ ವರ್ಗವನ್ನು ಪ್ರಮಾಣದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಅರ್ಧ ಮಾಡುವುದು. ಅರ್ಧ ಮಾಡುವುದರಿಂದ ಪೊಟ್ಯಾಸಿಯಂ ನೈಟ್ರೇಟ್, ಅಡುಗೆ ಉಪ್ಪುಗಳಂಥ ಒಂಟಿ ಆವೇಶದ ಲವಣಗಳಿಗೆ ಅಯಾನಿಕ ಬಲವೂ ಲವಣದ ಪ್ರಮಾಣವೂ ಒಂದೇ ಆಗುತ್ತವೆ.

ಈ ಸೂತ್ರದಲ್ಲಿ ಗಮನಿಸಬೇಕಾದದ್ದು ಆ ವರ್ಗ. ಕ್ಯಾಲ್ಸಿಯಮ್ಮಿಗೆ ಎರಡು ಆವೇಶ, ಆದರೆ ಅದು ಲೆಕ್ಕಕ್ಕೆ ಬರುವುದು ಎರಡಾಗಿ ಅಲ್ಲ, ನಾಲ್ಕಾಗಿ. ಕಾರಣ ಆವರಣದಲ್ಲೇ ಇದೆ. ಬೆಳ್ಳಿ ಅಯಾನು ತನ್ನ ಬಳಿಯಿಂದ ಕ್ಯಾಲ್ಸಿಯಮ್ಮನ್ನು ದೂಡುವ ಬಲ ಪೊಟ್ಯಾಸಿಯಮ್ಮನ್ನು ದೂಡುವುದರ ಎರಡು ಪಟ್ಟು. ಹಾಗಾಗಿ ಒಂದೇ ಪ್ರಮಾಣದಲ್ಲಿ ಬೆರೆತಿದ್ದರೂ ಬೆಳ್ಳಿಯ ಸುತ್ತ ಕ್ಯಾಲ್ಸಿಯಂ ಅಯಾನುಗಳ ಕೊರತೆ ಎರಡು ಪಟ್ಟು ಹೆಚ್ಚು. ಅಲ್ಲಿಂದ ದೂರ ಸರಿದ ಪ್ರತಿಯೊಂದು ಕ್ಯಾಲ್ಸಿಯಮ್ಮೂ ತನ್ನೊಂದಿಗೆ ಎರಡು ಆವೇಶ ಒಯ್ದಿರುತ್ತದೆ. ಎರಡೆರಡಲೆ ನಾಲ್ಕು. ಬೆಳ್ಳಿಯ ಬದಲು ಕ್ಲೋರೈಡನ್ನು ನಡುವೆ ಇಟ್ಟುಕೊಂಡರೂ ಇದೇ ವಾದ: ಎರಡು ಪಟ್ಟು ಕ್ಯಾಲ್ಸಿಯಂ ಹತ್ತಿರ ಬರುತ್ತದೆ, ಬಂದ ಪ್ರತಿಯೊಂದೂ ಎರಡು ಆವೇಶ ತರುತ್ತದೆ. ಲೂಯಿಸ್ ಮತ್ತು ರ್‍ಯಾಂಡಲ್‌ಗೆ ವರ್ಗ ಕಂಡಿದ್ದು ಅಳತೆಗಳಿಂದ. ಅದು ಏಕೆ ಬರುತ್ತದೆ ಎಂಬ ಈ ವಿವರಣೆ ದೊರೆತದ್ದು ಎರಡು ವರ್ಷಗಳ ನಂತರ.

ಆ ವಿವರಣೆಯ ಕಥೆಯಲ್ಲಿ ಬೆಂಗಳೂರಿನವರಿಗೆ ಪರಿಚಿತವಾದ ಒಂದು ಹೆಸರಿದೆ. ಸ್ವೀಡನ್ನಿನ ಅರೇನಿಯಸ್ ಲವಣಗಳು ನೀರಿನಲ್ಲಿ ಭಾಗಶಃ ಮಾತ್ರ ಒಡೆದು ಅಯಾನುಗಳಾಗುತ್ತವೆ ಎಂದಿದ್ದರು. ವಿನಿಗರ್‌ನಲ್ಲಿರುವ ಆಮ್ಲದಂಥ ದುರ್ಬಲ ವಸ್ತುಗಳಿಗೆ ಅದು ಸರಿಹೊಂದುತ್ತಿತ್ತು, ಅಡುಗೆ ಉಪ್ಪಿನಂಥವಕ್ಕೆ ಹೊಂದುತ್ತಲೇ ಇರಲಿಲ್ಲ. 1918ರಲ್ಲಿ ಕಲ್ಕತ್ತೆಯ ಯುವ ವಿಜ್ಞಾನಿ ಜ್ಞಾನಚಂದ್ರ ಘೋಷ್ ಬೇರೆಯದೇ ಚಿತ್ರ ಮುಂದಿಟ್ಟರು. ಇಂಥ ಲವಣಗಳು ಪೂರ್ತಿಯಾಗಿಯೇ ಒಡೆಯುತ್ತವೆ. ಅವುಗಳ ವಿಚಿತ್ರ ವರ್ತನೆಗೆ ಕಾರಣ ಅಯಾನುಗಳ ನಡುವಿನ ವಿದ್ಯುತ್ ಸೆಳೆತ ಎಂಬುದು ಅವರ ವಾದ. ಅವರಿಗಾಗ 24ರ ಆಸುಪಾಸಿನ ವಯಸ್ಸು. ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಇವರೇ. ಆದರೆ ಘೋಷ್ ದ್ರಾವಣದೊಳಗಿನ ಅಯಾನುಗಳನ್ನು ಹರಳಿನಲ್ಲಿರುವಂತೆ ಸಾಲುಸಾಲಾಗಿ ಜೋಡಿಸಿ ಕಲ್ಪಿಸಿಕೊಂಡರು. ಹಾಗೆ ಜೋಡಿಸಿದರೆ ಅಯಾನುಗಳ ನಡುವಿನ ಅಂತರ ಪ್ರಮಾಣದ ಘನಮೂಲವನ್ನು ಅನುಸರಿಸುತ್ತದೆ, ಸಿದ್ಧಾಂತದ ಫಲಿತಾಂಶದಲ್ಲೂ ಘನಮೂಲವೇ ಬರುತ್ತದೆ. ತೆಳು ದ್ರಾವಣಗಳ ಅಳತೆ ಆ ಘನಮೂಲಕ್ಕೆ ಒಪ್ಪಲಿಲ್ಲ.

1923ರಲ್ಲಿ ಜ್ಯೂರಿಕ್‌ನಲ್ಲಿದ್ದ ಪೀಟರ್ ಡಿಬೈ ಮತ್ತು ಅವರ ಸಹಾಯಕ ಎರಿಕ್ ಹ್ಯೂಕೆಲ್ ಘೋಷ್ ಅವರ ಸಿದ್ಧಾಂತವನ್ನು ತಮ್ಮ ಪ್ರಬಂಧದಲ್ಲೇ ಚರ್ಚಿಸಿ, ಅದು ಎಲ್ಲಿ ತಪ್ಪಿತು ಎಂದು ತೋರಿಸಿದರು. ಉಷ್ಣದ ಚಲನೆಯ ನಡುವೆ ಸಾಲು ಉಳಿಯುವುದಿಲ್ಲ. ಉಳಿಯುವುದು ಸರಾಸರಿಯ ಆವರಣ ಮಾತ್ರ. ಆ ಆವರಣದ ದಪ್ಪವನ್ನು ಅವರು ಗಣಿತದಿಂದ ತೆಗೆದರು. ಅಯಾನಿಕ ಬಲ ಹೆಚ್ಚಿದಂತೆ ಅದರ ವರ್ಗಮೂಲದ ವಿಲೋಮದಲ್ಲಿ ದಪ್ಪ ಕುಗ್ಗುತ್ತದೆ. 25 ಡಿಗ್ರಿಯ ನೀರಿನಲ್ಲಿ ಅಯಾನಿಕ ಬಲ 0.001 ಇದ್ದಾಗ ಸುಮಾರು 9.6 ನ್ಯಾನೋಮೀಟರ್, 0.1 ಇದ್ದಾಗ ಒಂದು ನ್ಯಾನೋಮೀಟರಿಗೂ ಕೊಂಚ ಕಡಿಮೆ. ಆವರಣ ಹತ್ತಿರವಾದಷ್ಟೂ ಅಯಾನಿನ ಮೇಲೆ ಅದರ ಹಿಡಿತ ಬಿಗಿ, ಗಾಮಾ ಕಡಿಮೆ. ಹಾಗೆ ಬಂದದ್ದೇ ಸೀಮಾ ನಿಯಮ:

log γ = −0.509 z² √I

0.509 ಎಂಬ ಸಂಖ್ಯೆ 25 ಡಿಗ್ರಿಯ ನೀರಿಗೆ ಮಾತ್ರ ಸೇರಿದ್ದು. ನೀರಿನ ವಿದ್ಯುತ್ ಗುಣ, ಸಾಂದ್ರತೆ ಮತ್ತು ಉಷ್ಣತೆ ಮೂರೂ ಅದರೊಳಗೆ ಅಡಗಿವೆ. ಸೂತ್ರದಲ್ಲಿ ಬೆಳ್ಳಿಯ ಹೆಸರಾಗಲಿ, ಪೊಟ್ಯಾಸಿಯಮ್ಮಿನ ಹೆಸರಾಗಲಿ ಇಲ್ಲ ಎಂಬುದನ್ನು ನೋಡಿ. ಅಯಾನಿನ ಸ್ವಂತ ಆವೇಶ, ನೆರೆಯವರ ಒಟ್ಟು ಬಲ, ಇಷ್ಟೇ. ಇದರ ಈ ಸರಳತೆ ನನಗೆ ಇಂದಿಗೂ ಅಚ್ಚರಿ ತರುತ್ತದೆ.

ಇನ್ನು ನಮ್ಮ ಮಿಶ್ರ ದ್ರಾವಣಕ್ಕೆ ಬರೋಣ. ಒಂದು ಕಿಲೋಗ್ರಾಂ ನೀರಿಗೆ 0.002 ಮೋಲ್ ಪೊಟ್ಯಾಸಿಯಂ ನೈಟ್ರೇಟ್, 0.001 ಮೋಲ್ ಕ್ಯಾಲ್ಸಿಯಂ ನೈಟ್ರೇಟ್ ಹಾಕುತ್ತೇವೆ. ಮೊದಲನೆಯದು ತೂಕದಲ್ಲಿ 0.202 ಗ್ರಾಂ. ಎರಡನೆಯದನ್ನು ತೂಗುವಾಗ ಎಚ್ಚರ ಬೇಕು. ಅಂಗಡಿಯಿಂದ ಬರುವ ಕ್ಯಾಲ್ಸಿಯಂ ನೈಟ್ರೇಟ್ ಸಾಮಾನ್ಯವಾಗಿ ನಾಲ್ಕು ನೀರಿನ ಅಣುಗಳನ್ನು ಹರಳಿನೊಳಗೆ ಹೊತ್ತಿರುತ್ತದೆ, ಗಾಳಿಯ ತೇವವನ್ನೂ ಬೇಗ ಹೀರುತ್ತದೆ. ಆ ಹರಳಾದರೆ 0.236 ಗ್ರಾಂ ಬೇಕು. ಒಣ ಲವಣದ ಲೆಕ್ಕ ಹಿಡಿದು 0.164 ಗ್ರಾಂ ತೂಗಿದರೆ ಕ್ಯಾಲ್ಸಿಯಂ ಮೂರನೆಯ ಒಂದು ಭಾಗದಷ್ಟು ಕಡಿಮೆ ಬೀಳುತ್ತದೆ.

ಈಗ ಅಯಾನುಗಳನ್ನು ಎಣಿಸಬೇಕು. ಪೊಟ್ಯಾಸಿಯಂ 0.002, ಕ್ಯಾಲ್ಸಿಯಂ 0.001. ನೈಟ್ರೇಟ್ ಎರಡೂ ಲವಣಗಳಿಂದ ಬರುತ್ತದೆ: ಮೊದಲನೆಯದರಿಂದ 0.002, ಎರಡನೆಯದರಲ್ಲಿ ಒಂದು ಕ್ಯಾಲ್ಸಿಯಮ್ಮಿಗೆ ಎರಡು ನೈಟ್ರೇಟ್ ಇರುವುದರಿಂದ ಮತ್ತೊಂದು 0.002, ಒಟ್ಟು 0.004. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಎರಡನೆಯ ನೈಟ್ರೇಟನ್ನು ಒಮ್ಮೆ ಮಾತ್ರ ಎಣಿಸಿಬಿಡುತ್ತಾರೆ. ಹಾಗಾಗಿದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಧನ ಆವೇಶಗಳ ಮೊತ್ತ ಋಣ ಆವೇಶಗಳ ಮೊತ್ತಕ್ಕೆ ಸಮನಾಗಿರಲೇಬೇಕು. ಇಲ್ಲಿ ಪೊಟ್ಯಾಸಿಯಮ್ಮಿನ 0.002, ಕ್ಯಾಲ್ಸಿಯಮ್ಮಿನ ಎರಡು ಪಟ್ಟು 0.002, ಒಟ್ಟು 0.004, ನೈಟ್ರೇಟೂ 0.004. ಲೆಕ್ಕ ಸರಿಯಿದೆ.

ಆವೇಶದ ವರ್ಗದಿಂದ ಗುಣಿಸಿದರೆ ಪೊಟ್ಯಾಸಿಯಂ 0.002, ಕ್ಯಾಲ್ಸಿಯಂ ನಾಲ್ಕು ಪಟ್ಟಾಗಿ 0.004, ನೈಟ್ರೇಟ್ 0.004. ಕೂಡಿದರೆ 0.010, ಅರ್ಧ ಮಾಡಿದರೆ 0.005. ಇದು ನಮ್ಮ ಅಯಾನಿಕ ಬಲ. ಪೊಟ್ಯಾಸಿಯಂ ಲವಣದ ಅರ್ಧದಷ್ಟೇ ಇರುವ ಕ್ಯಾಲ್ಸಿಯಂ ಲವಣ ಈ 0.005ರಲ್ಲಿ 0.003ರಷ್ಟನ್ನು ತಾನೊಂದೇ ಕೊಟ್ಟಿದೆ. ಕರಗಿದ ಸಿಲ್ವರ್ ಕ್ಲೋರೈಡಿನ ಸ್ವಂತ ಪಾಲು ಸುಮಾರು 0.000014, ಅದನ್ನು ಬಿಟ್ಟರೂ ನಡೆಯುತ್ತದೆ.

0.005ರ ವರ್ಗಮೂಲ 0.0707. ಬೆಳ್ಳಿಯ ಆವೇಶ ಒಂದು, ಆದ್ದರಿಂದ 0.509ರಿಂದ ಗುಣಿಸಿ ಮುಂದೆ ಋಣ ಚಿಹ್ನೆ ಇಟ್ಟರೆ ಗಾಮಾದ ಲಾಗ್ −0.036. ಗಾಮಾ 0.920. ಕ್ಲೋರೈಡಿಗೂ ಅದೇ. ಕ್ಯಾಲ್ಸಿಯಮ್ಮಿಗಾದರೆ ಲಾಗ್ ನಾಲ್ಕು ಪಟ್ಟು, −0.144, ಗಾಮಾ 0.718. ಒಂದೇ ಪಾತ್ರೆಯ ಒಂದೇ ನೀರಿನಲ್ಲಿ ಬೆಳ್ಳಿ ತನ್ನ ಪ್ರಮಾಣದ ಶೇಕಡ 92ರಷ್ಟು ಇರುವಂತೆ ವರ್ತಿಸಿದರೆ ಕ್ಯಾಲ್ಸಿಯಂ ಶೇಕಡ 72ರಷ್ಟು ಮಾತ್ರ.

ಒಂಟಿ ಅಯಾನಿನ ಗಾಮಾವನ್ನು ನೇರವಾಗಿ ಅಳೆಯುವ ಉಪಾಯ ಇಲ್ಲ. ಧನ ಅಯಾನು ಎಲ್ಲಿದ್ದರೂ ಅದಕ್ಕೆ ಸರಿಗಟ್ಟುವ ಋಣ ಅಯಾನು ಇದ್ದೇ ಇರುತ್ತದೆ, ಆದ್ದರಿಂದ ಅಳತೆಗೆ ಸಿಗುವುದು ಇಬ್ಬರ ಸರಾಸರಿ. ಸಿಲ್ವರ್ ಕ್ಲೋರೈಡಿನಲ್ಲಿ ಎರಡರ ಗಾಮಾವೂ ಒಂದೇ ಆಗಿರುವುದರಿಂದ ಸರಾಸರಿಯೂ 0.920. ಕ್ಯಾಲ್ಸಿಯಂ ನೈಟ್ರೇಟಿಗೆ ಸೂತ್ರದಲ್ಲಿ ಆವೇಶದ ವರ್ಗದ ಬದಲು ಎರಡೂ ಅಯಾನುಗಳ ಆವೇಶದ ಗುಣಲಬ್ಧ, ಅಂದರೆ 2 ಇಡಬೇಕು; ಸರಾಸರಿ ಗಾಮಾ 0.847 ಬರುತ್ತದೆ.

ಕೊನೆಯ ಹೆಜ್ಜೆ ಸುಲಭ. ನೀರಿನಲ್ಲಿ ಲವಣ ಎಷ್ಟೇ ಇದ್ದರೂ ಬೆಳ್ಳಿ ಮತ್ತು ಕ್ಲೋರೈಡ್‌ಗಳ ಸಕ್ರಿಯತೆಯ ಗುಣಲಬ್ಧ ಬದಲಾಗುವುದಿಲ್ಲ. 25 ಡಿಗ್ರಿಯಲ್ಲಿ ಅದರ ವರ್ಗಮೂಲ ಕಿಲೋಗ್ರಾಂ ನೀರಿಗೆ 0.0000133 ಮೋಲ್. ಅದನ್ನು 0.920ರಿಂದ ಭಾಗಿಸಿದರೆ ಕರಗುವ ಪ್ರಮಾಣ ಸುಮಾರು 0.0000145 ಮೋಲ್, ಮಿಲಿಗ್ರಾಂನಲ್ಲಿ 2.07. ಶುದ್ಧ ನೀರಿನ 1.91ಕ್ಕೆ ಹೋಲಿಸಿದರೆ ಶೇಕಡ 8ರಷ್ಟು ಹೆಚ್ಚು. ಇಷ್ಟು ಏರಿಕೆಯನ್ನು ಎಚ್ಚರದ ಪ್ರಯೋಗ ಸಲೀಸಾಗಿ ಹಿಡಿಯಬಲ್ಲದು. ಅದೇ 0.003 ಮೋಲ್ ಲವಣವೆಲ್ಲ ಪೊಟ್ಯಾಸಿಯಂ ನೈಟ್ರೇಟೇ ಆಗಿದ್ದರೆ ಅಯಾನಿಕ ಬಲ 0.003, ಗಾಮಾ 0.938 ಆಗುತ್ತಿತ್ತು, ಏರಿಕೆಯೂ ಕಡಿಮೆ.

ಈ ಲೆಕ್ಕದಲ್ಲಿ ತಪ್ಪು ನುಸುಳಿದೆಯೇ ಎಂದು ಉತ್ತರವೇ ಕೆಲವೊಮ್ಮೆ ಹೇಳುತ್ತದೆ. ಗಾಮಾ 1ಕ್ಕಿಂತ ಹೆಚ್ಚು ಬಂದರೆ ಋಣ ಚಿಹ್ನೆ ಬಿಟ್ಟುಹೋಗಿದೆ ಎಂದೇ ಅರ್ಥ, ಸೀಮಾ ನಿಯಮದಿಂದ ಅಂಥ ಉತ್ತರ ಎಂದಿಗೂ ಬಾರದು. ಬೆರೆಸಿದ ವಸ್ತುಗಳು ಪರಸ್ಪರ ಕ್ರಿಯೆ ನಡೆಸುವಂತಿದ್ದರೆ ಮೊದಲು ಆ ಕ್ರಿಯೆ ಮುಗಿಸಿ, ಉಳಿದ ಅಯಾನುಗಳನ್ನು ಎಣಿಸಬೇಕು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸಮ ಪ್ರಮಾಣದ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದರೆ ಅಯಾನಿಕ ಬಲಕ್ಕೆ ಉಳಿಯುವುದು ಸೋಡಿಯಂ ಮತ್ತು ಕ್ಲೋರೈಡ್ ಮಾತ್ರ, ಉಳಿದೆರಡು ನೀರಾಗಿ ಹೋಗಿರುತ್ತವೆ. ಸಕ್ಕರೆ ಎಷ್ಟು ಕರಗಿದ್ದರೂ ಆವೇಶವಿಲ್ಲದ ಕಾರಣ ಮೊತ್ತಕ್ಕೆ ಸೇರುವುದಿಲ್ಲ.

ಸೀಮಾ ನಿಯಮವನ್ನು ಎಲ್ಲಿಯವರೆಗೆ ನಂಬಬಹುದು? ಅಡುಗೆ ಉಪ್ಪಿನ ಅಳತೆಗಳು ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತವೆ. ಕಿಲೋಗ್ರಾಂ ನೀರಿಗೆ 0.001 ಮೋಲ್ ಇರುವಾಗ ನಿಯಮ ಕೊಡುವ ಗಾಮಾ 0.964, ಅಳೆದದ್ದು 0.965. ಇದಕ್ಕಿಂತ ಚೆನ್ನಾಗಿ ಹೊಂದಲು ಸಾಧ್ಯವಿಲ್ಲ. 0.01 ಮೋಲ್‌ಗೆ ನಿಯಮದ್ದು 0.889, ಅಳೆದದ್ದು 0.902, ಸಣ್ಣ ಬಿರುಕು ಕಾಣುತ್ತದೆ. 0.1 ಮೋಲ್‌ಗೆ ನಿಯಮ 0.690 ಎನ್ನುತ್ತದೆ, ನಿಜ 0.778. ಒಂದು ಮೋಲ್‌ನಲ್ಲಿ ನಿಯಮ 0.31ಕ್ಕೆ ಇಳಿದುಬಿಡುತ್ತದೆ, ನಿಜವಾದದ್ದು 0.657. ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ ಎಂಬುದು ಗಮನಾರ್ಹ: ನಿಯಮ ಗಾಮಾವನ್ನು ಇರುವುದಕ್ಕಿಂತ ಕೆಳಗೆ ಎಳೆಯುತ್ತದೆ.

ಕಾರಣ, ಡಿಬೈ ಮತ್ತು ಹ್ಯೂಕೆಲ್ ಸೀಮಾ ನಿಯಮಕ್ಕಾಗಿ ಅಯಾನನ್ನು ಗಾತ್ರವಿಲ್ಲದ ಬಿಂದುವೆಂದು ಎಣಿಸಿದರು. ಬಿಂದುವಿನ ತೀರ ಹತ್ತಿರದವರೆಗೂ ನೆರೆಯ ಆವೇಶ ಬರಬಹುದು. ನಿಜವಾದ ಅಯಾನಿಗೆ ಮೈಯಿದೆ, ಅದರ ಮೈಗೆ ತಾಗಿಕೊಂಡ ನೀರಿದೆ, ನೆರೆಯವರು ಅಷ್ಟು ಹತ್ತಿರ ಬರಲಾರರು. ಆವರಣ ಹತ್ತು ನ್ಯಾನೋಮೀಟರ್ ಅಗಲವಿರುವಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅದು ಒಂದು ನ್ಯಾನೋಮೀಟರಿಗೆ ಇಳಿದಾಗ ಅಯಾನಿನ ಗಾತ್ರವೂ ಆವರಣದ ದಪ್ಪವೂ ಹೋಲಿಸಬಹುದಾದಷ್ಟು ಹತ್ತಿರ ಬರುತ್ತವೆ. ಆಗ ಯಾವ ಅಯಾನು ಎಂಬುದೂ ಮುಖ್ಯವಾಗುತ್ತದೆ. 0.1 ಮೋಲ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡಿನ ಗಾಮಾ 0.770, ಲಿಥಿಯಂ ಕ್ಲೋರೈಡಿನದು 0.790, ಹೈಡ್ರೋಕ್ಲೋರಿಕ್ ಆಮ್ಲದ್ದು 0.796. ಸೀಮಾ ನಿಯಮಕ್ಕೆ ಇವೆಲ್ಲವೂ ಒಂದೇ.

ಎರಡು, ಮೂರು ಆವೇಶದ ಅಯಾನುಗಳಿದ್ದಲ್ಲಿ ನಿಯಮ ಇನ್ನೂ ಬೇಗ ಕೈಬಿಡುತ್ತದೆ. ಕ್ಯಾಲ್ಸಿಯಂ ಮತ್ತು ಸಲ್ಫೇಟ್‌ನಂಥ ಎರಡೆರಡು ಆವೇಶದ ಅಯಾನುಗಳು ಸರಾಸರಿಯ ಆವರಣದಲ್ಲಿ ನಿಲ್ಲದೆ ಒಂದನ್ನೊಂದು ಹಿಡಿದು ಜೋಡಿಯಾಗಿಬಿಡುತ್ತವೆ. ಜೋಡಿಗೆ ಒಟ್ಟು ಆವೇಶವೇ ಇಲ್ಲದ್ದರಿಂದ ಅದು ಅಯಾನಿಕ ಬಲದ ಮೊತ್ತದಿಂದಲೇ ಹೊರಬೀಳುತ್ತದೆ. ನಮ್ಮ ಉದಾಹರಣೆಗೆ ಸಲ್ಫೇಟ್ ಬಿಟ್ಟು ನೈಟ್ರೇಟುಗಳನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ. ಅದರಲ್ಲೂ ಕ್ಯಾಲ್ಸಿಯಮ್ಮಿಗೆ ಬಂದ 0.718ನ್ನು ಬೆಳ್ಳಿಯ 0.920ರಷ್ಟು ಗಟ್ಟಿಯಾಗಿ ನಂಬಬಾರದು.

ನಲ್ಲಿಯ ನೀರು, ಕೊಳವೆಬಾವಿಯ ಗಡಸು ನೀರುಗಳ ಅಯಾನಿಕ ಬಲ ಎಷ್ಟೋ ಬಾರಿ 0.01ರ ಸುತ್ತಮುತ್ತ ಅಥವಾ ಅದಕ್ಕೂ ಮೇಲೆ ಇರುತ್ತದೆ. ಸಮುದ್ರದ ನೀರಿನದು ಸುಮಾರು 0.7. ಸಮುದ್ರದ ನೀರಿಗೆ ಸೀಮಾ ನಿಯಮ ಹಚ್ಚುವುದು ವ್ಯರ್ಥ. ಗಡಸು ನೀರಿಗೆ ಬ್ರಿಟನ್ನಿನ ಸಿ. ಡಬ್ಲ್ಯೂ. ಡೇವಿಸ್ ತಿದ್ದಿಕೊಟ್ಟ ರೂಪ ಹೆಚ್ಚು ಬಳಕೆಯಲ್ಲಿದೆ:

log γ = −0.509 z² ( √I / (1 + √I) − 0.3 I )

ಭಾಜಕದಲ್ಲಿರುವ 1 + √I ಅಯಾನಿನ ಗಾತ್ರಕ್ಕೆ ಕೊಟ್ಟ ಜಾಗ, ಕೊನೆಯ ಪದ ಅಳತೆಗಳಿಗೆ ಹೊಂದಿಸಿ ಸೇರಿಸಿದ್ದು. I ತೀರ ಚಿಕ್ಕದಾದಾಗ ಎರಡರ ಪ್ರಭಾವವೂ ಅಳಿಸಿಹೋಗಿ ಹಳೆಯ ಸೀಮಾ ನಿಯಮವೇ ಉಳಿಯುತ್ತದೆ. 0.1 ಮೋಲ್ ಅಡುಗೆ ಉಪ್ಪಿಗೆ ಇದು 0.782 ಕೊಡುತ್ತದೆ, ಅಳೆದ 0.778ಕ್ಕೆ ಸಾಕಷ್ಟು ಹತ್ತಿರ. ನಮ್ಮ ಮಿಶ್ರ ದ್ರಾವಣಕ್ಕೆ ಹಚ್ಚಿದರೆ ಬೆಳ್ಳಿಯ ಗಾಮಾ 0.920ರಿಂದ 0.927ಕ್ಕೆ, ಕ್ಯಾಲ್ಸಿಯಮ್ಮಿನದು 0.718ರಿಂದ 0.739ಕ್ಕೆ ಏರುತ್ತದೆ. ಕರಗುವ ಸಿಲ್ವರ್ ಕ್ಲೋರೈಡ್ 2.07 ಮಿಲಿಗ್ರಾಂ ಇದ್ದದ್ದು 2.06 ಆಗುತ್ತದೆ.